ಹೊಳೆ ಬಂದು ಮಾಲು ನಿಂತಾಗ ಫೋರ್ಸ್ ಮಜೂರ್ ನೋಟಿಸ್ ಕೊಡುವುದು ಹೇಗೆ

ಮಳೆಗಾಲ ಮುಗಿದ ಮೇಲೆ ನನಗೆ ಒಂದೇ ತರದ ಫೋನುಗಳು ಬರುತ್ತವೆ. "ಸರ್, ಜುಲೈನಲ್ಲಿ ರಸ್ತೆ ಬಂದಾಗಿತ್ತು, ಎಲ್ಲರಿಗೂ ಗೊತ್ತು, ಆದರೂ ಪಾರ್ಟಿ ಬಿಲ್ಲಿನಲ್ಲಿ ದಂಡ ಹಿಡಿದಿದ್ದಾರೆ, ಈಗ ಏನು ಮಾಡೋದು?" ಆಗ ಫೋರ್ಸ್ ಮಜೂರ್ ನೋಟಿಸ್, ಅಂದರೆ ನಮ್ಮ ಕೈ ಮೀರಿದ ಘಟನೆಯಿಂದ ಮಾಲು ತಡವಾಗುತ್ತದೆ ಅಂತ ತಿಳಿಸುವ ಪತ್ರ, ಕೊಟ್ಟಿದ್ರಾ ಅಂತ ಕೇಳಿದರೆ ಫೋನಿನಲ್ಲಿ ಹೇಳಿದ್ದೆ ಅಂತಾರೆ. ವಾಟ್ಸಾಪ್‌ನಲ್ಲಿ ನೀರಿನ ಫೋಟೋ ಹಾಕಿದ್ದೆ ಅಂತಾರೆ. ಅಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಇದೇ ತಪ್ಪು ನನ್ನಿಂದಲೂ ಆಗಿದೆ. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿ ಮೇಲೆ ನೀರು ಬಂದಾಗ ನಮ್ಮ ಮಾಲೂ ನಿಂತಿತ್ತು. ಖರೀದಿದಾರರ ಪರ್ಚೇಸ್ ಆಫೀಸರ್‌ಗೆ ಫೋನ್ ಮಾಡಿದೆ. "ಇರಲಿ ಬಿಡಿ, ದಾರಿ ತೆರೆದ ಮೇಲೆ ಕಳಿಸಿ" ಅಂದರು. ನವೆಂಬರ್‌ನಲ್ಲಿ ದಂಡ ಹಿಡಿದ ಡೆಬಿಟ್ ನೋಟ್ ಬಂತು. ಆ ಆಫೀಸರ್ ಕೆಲಸ ಬಿಟ್ಟು ಹೋಗಿದ್ದರು, ಹೊಸಬರು "ಬರಹದಲ್ಲಿ ಏನಿದೆ ತೋರಿಸಿ" ಅಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಪೂರ್ತಿ ದಂಡ ಕಟ್ಟಿದೆವು.

ಅದಕ್ಕೇ ಇದನ್ನು ಸಪ್ಲೈಯರ್ ಕಡೆಯಿಂದ, ಕೆಲಸ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕ್ರಮ ತಪ್ಪಿದರೆ ಹಕ್ಕು ಇದ್ದೂ ಇಲ್ಲದ ಹಾಗೆ ಆಗುತ್ತದೆ. ಉದಾಹರಣೆಗೆ ಒಂದು ಫೌಂಡ್ರಿ ತೆಗೆದುಕೊಂಡಿದ್ದೇನೆ. ಇಳಕಲ್ ಸೀರೆ ಕಳಿಸುವವರಿಗೂ ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಗೂ ಹೆಜ್ಜೆಗಳು ಇವೇ.

## ಟೇಬಲ್ ಮೇಲೆ ಇರಬೇಕಾದ್ದು

ಪರ್ಚೇಸ್ ಆರ್ಡರ್, ಅಂದರೆ ಪಿಒ, ಅದರ ಎಲ್ಲ ಪುಟಗಳು. ಎಷ್ಟೋ ಜನರ ಹತ್ತಿರ ಮೊದಲ ಪುಟ ಮಾತ್ರ ಇರುತ್ತದೆ, ಷರತ್ತುಗಳಿರುವ ಹಿಂದಿನ ಪುಟ ಇರುವುದೇ ಇಲ್ಲ. ಕೆಲವು ಪಿಒಗಳಲ್ಲಿ "ಷರತ್ತುಗಳು ನಮ್ಮ ವೆಬ್‌ಸೈಟಿನಲ್ಲಿವೆ" ಅಂತ ಒಂದೇ ಸಾಲು ಇರುತ್ತದೆ. ಅದನ್ನು ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ. ಇದರ ಜೊತೆಗೆ ಉತ್ಪಾದನೆ ರಿಜಿಸ್ಟರ್, ಡಿಸ್ಪ್ಯಾಚ್ ರಿಜಿಸ್ಟರ್, ಇ-ವೇ ಬಿಲ್, ಲಾರಿ ರಸೀದಿ ಬೇಕು. ಕಂಪನಿ ಹೆಸರಿನ ಇಮೇಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಿಒ ಯಾವ ಇಮೇಲ್‌ಗೆ ಬಂದಿತ್ತೋ ಅದರಿಂದಲೇ ಎಲ್ಲ ಕಳಿಸಿ.

## 1. ಮೊದಲು ಷರತ್ತು ಓದಿ

ಎಲ್ಲಕ್ಕಿಂತ ಮುಂಚೆ ಒಂದು ವಿಷಯ ನೋಡಿ. ಮಾಲನ್ನು ಎಲ್ಲಿ ಮುಟ್ಟಿಸುವ ಜವಾಬ್ದಾರಿ ನಿಮ್ಮದು? ಪಿಒದಲ್ಲಿ ಎಕ್ಸ್-ವರ್ಕ್ಸ್ ಅಂತ ಇದ್ದರೆ, ನಿಮ್ಮ ಗೇಟಿನಲ್ಲಿ ಮಾಲು ತಯಾರಿಟ್ಟು ತಿಳಿಸಿದರೆ ನಿಮ್ಮ ಕೆಲಸ ಮುಗಿಯಿತು. ರಸ್ತೆ ಬಂದಾಗಿದ್ದು ಅವರ ತೊಂದರೆ. ಇಂಥ ಪಿಒ ಇಟ್ಟುಕೊಂಡು ಸುಮ್ನೆ ಫೋರ್ಸ್ ಮಜೂರ್ ನೋಟಿಸ್ ಕಳಿಸಿ, ತಪ್ಪು ತಮ್ಮದೇ ಅಂತ ಒಪ್ಪಿಕೊಂಡ ಹಾಗೆ ಮಾಡಿದವರನ್ನು ನೋಡಿದ್ದೇನೆ. ಅವರು ಕಳಿಸಬೇಕಾಗಿದ್ದು "ಮಾಲು ತಯಾರಿದೆ, ಒಯ್ಯಿರಿ" ಅನ್ನುವ ಎರಡು ಸಾಲಿನ ಇಮೇಲ್ ಅಷ್ಟೇ.

ಮಾಲನ್ನು ಅವರ ಬಾಗಿಲಿಗೆ ಮುಟ್ಟಿಸಬೇಕು ಅಂತ ಇದ್ದರೆ ಮುಂದಕ್ಕೆ ಓದಿ. ಫೋರ್ಸ್ ಮಜೂರ್ ಷರತ್ತಿನಲ್ಲಿ ನಾಲ್ಕು ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ಯಾವ ಘಟನೆಗಳ ಹೆಸರಿದೆ, ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು, ಯಾವ ವಿಳಾಸಕ್ಕೆ ಕೊಡಬೇಕು, ಎಷ್ಟು ದಿನ ಮೀರಿದರೆ ಆರ್ಡರ್ ರದ್ದು ಮಾಡಬಹುದು. ನೋಟಿಸ್ ಅವಧಿ ಒಂದೊಂದು ಕಡೆ ಒಂದೊಂದು ತರ ಇರುತ್ತದೆ. ಮೂರು ದಿನ ಅಂತ ಬರೆದಿದ್ದನ್ನೂ ನೋಡಿದ್ದೇನೆ. ಕೇಂದ್ರ ಹಣಕಾಸು ಸಚಿವಾಲಯದ ಸರಕು ಖರೀದಿ ಕೈಪಿಡಿಯಂತೂ ಘಟನೆ ಆದ ಕೂಡಲೇ ನೋಟಿಸ್ ಕೊಡಬೇಕು, ಆಮೇಲೆ ಹಿಂದಿನ ದಿನಾಂಕದಿಂದ ಕೇಳುವ ಹಾಗಿಲ್ಲ ಅಂತ ಹೇಳುತ್ತದೆ. 90 ದಿನ ಮೀರಿದರೆ ಯಾವ ಕಡೆಯವರಾದರೂ ಆರ್ಡರ್ ಮುಗಿಸಬಹುದು ಅಂತಲೂ ಅದರಲ್ಲಿದೆ. ಸರ್ಕಾರಿ ಆರ್ಡರ್ ಇದ್ದವರು ಇದನ್ನು ನೆನಪಿಡಿ.

ಷರತ್ತೇ ಇಲ್ಲದಿದ್ದರೆ? ಇಲ್ಲೇ ಜಾಸ್ತಿ ಜನ ಎಡವುತ್ತಾರೆ. "ಪ್ರವಾಹ ಅಂದ ಮೇಲೆ ಕಾನೂನೇ ರಿಯಾಯಿತಿ ಕೊಡುತ್ತದೆ" ಅಂದುಕೊಳ್ಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56 ಹೇಳುವುದು ಬೇರೆಯದೇ. ಕರಾರು ಆದ ಮೇಲೆ ಆ ಕೆಲಸ ಮಾಡಲು ಸಾಧ್ಯವೇ ಇಲ್ಲದಂತಾದರೆ ಕರಾರೇ ರದ್ದಾಗುತ್ತದೆ ಅಂತ ಅದು ಹೇಳುತ್ತದೆ. ನಾಲ್ಕು ದಿನ ಜಾಸ್ತಿ ಕೊಡಿ ಅಂತ ಅದು ಹೇಳುವುದಿಲ್ಲ. ನಿಮಗೆ ಆರ್ಡರ್ ರದ್ದಾಗುವುದು ಬೇಕಾಗಿಲ್ಲ, ಸಮಯ ಬೇಕು. ಸಮಯ ಸಿಗುವುದು ಷರತ್ತಿನಿಂದ ಅಥವಾ ಖರೀದಿದಾರರ ಒಪ್ಪಿಗೆಯಿಂದ. ಅದೇ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಖರೀದಿದಾರರು ತಾವಾಗಿ ಸಮಯ ಹೆಚ್ಚಿಸಿ ಕೊಡಬಹುದು. ಹಾಗಾಗಿ ಷರತ್ತು ಇಲ್ಲದವರು ನೋಟಿಸ್ ಬದಲು ವಿನಂತಿ ಪತ್ರ ಬರೆಯಿರಿ, ಅವರ "ಆಯ್ತು" ಅನ್ನುವ ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಷರತ್ತು ಇದ್ದರೆ ಆ ಷರತ್ತಿನ ಮಾತೇ ನಡೆಯುತ್ತದೆ, ಸೆಕ್ಷನ್ 56 ಮಧ್ಯೆ ಬರುವುದಿಲ್ಲ. 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

## 2. ದಾರಿ ಬಂದಾದ ದಿನವೇ ಮಾಲು ಎಣಿಸಿ

ನೋಟಿಸ್ ಬರೆಯುವ ಮುಂಚೆ ಒಂದು ಗಂಟೆ ಶಾಪ್‌ನಲ್ಲಿ ಓಡಾಡಿ. ಪ್ರವಾಹ ಬರದಿದ್ದರೆ ಯಾವ ಮಾಲು ಯಾವ ದಿನ ಹೋಗುತ್ತಿತ್ತು ಅನ್ನುವ ಲೆಕ್ಕ ಬೇಕು. ಷರತ್ತು ಕಾಪಾಡುವುದು ಪ್ರವಾಹದಿಂದಲೇ ತಡವಾದ ಮಾಲನ್ನು ಮಾತ್ರ.

ಉದಾಹರಣೆಯನ್ನು ಪೂರ್ತಿ ನೋಡೋಣ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ ಪುಣೆಯ ಖರೀದಿದಾರರಿಗೆ 600 ಪಂಪ್ ಕೇಸಿಂಗ್ ಕೊಡಬೇಕು. ಒಂದಕ್ಕೆ 2,000 ರೂಪಾಯಿ, ಒಟ್ಟು 12 ಲಕ್ಷ. ಪುಣೆ ಗೇಟಿಗೆ ಮುಟ್ಟಬೇಕಾದ ದಿನ ಜುಲೈ 27. ತಡವಾದರೆ ತಡವಾದ ಮಾಲಿನ ಬೆಲೆಯ ಮೇಲೆ ವಾರಕ್ಕೆ ಶೇ. 1 ದಂಡ, ಹೆಚ್ಚೆಂದರೆ ಶೇ. 10. ವಾರದ ಒಂದು ದಿನ ಆದರೂ ಪೂರ್ತಿ ವಾರದ ಲೆಕ್ಕ. ನೋಟಿಸ್ ಅವಧಿ ಏಳು ದಿನ. ಪ್ರವಾಹ ಎಷ್ಟು ದಿನ ತಡೆಯಿತೋ ಅಷ್ಟು ದಿನ ಹೆಚ್ಚುವರಿ ಸಮಯ ಸಿಗುತ್ತದೆ ಅಂತ ಷರತ್ತು ಹೇಳುತ್ತದೆ.

ಜುಲೈ 23ರ ಸಂಜೆ 400 ಕೇಸಿಂಗ್ ಹೊತ್ತ ಲಾರಿ ಹೊರಟಿದೆ. ರಾತ್ರಿ ಟ್ರಾನ್ಸ್‌ಪೋರ್ಟ್‌ನವರ ಫೋನು: "ಸಾವ್ಕಾರ್ರ, ಯಮಗರ್ಣಿ ಕಡೆ ಗಾಡಿ ಬಿಡವಲ್ರು, ರಸ್ತಾದ ಮ್ಯಾಲ ನೀರ ಬಂದೈತಿ, ನಮ್ಮ ಗಾಡಿ ಸಂಕೇಶ್ವರದಾಗ ನಿಂತೈತಿ." ಶಾಪ್‌ನಲ್ಲಿ ಇನ್ನೂ 140 ಕೇಸಿಂಗ್ ಎರಕ ಆಗಿ ಮಷೀನಿಂಗ್‌ಗೆ ಕುಳಿತಿವೆ, 25ಕ್ಕೆ ಲೋಡ್ ಆಗಬೇಕಿತ್ತು. ಉಳಿದ 60ಕ್ಕೆ ಇನ್ನೂ ಮೋಲ್ಡೇ ಆಗಿಲ್ಲ. ಪ್ಯಾಟರ್ನ್ ರಿಪೇರಿಗೆ ಹೋಗಿತ್ತು, ಅವು ಏನು ಮಾಡಿದರೂ ಆಗಸ್ಟ್ 2ಕ್ಕೇ ತಯಾರಾಗುತ್ತಿದ್ದವು. ದಾರಿ ತೆರೆದಿದ್ದು ಜುಲೈ 27ರ ಸಂಜೆ.

ಈಗ ಲೆಕ್ಕ ಹಾಕಿ. 400 ಪುಣೆ ಮುಟ್ಟಿದ್ದು 28ಕ್ಕೆ, 140 ಮುಟ್ಟಿದ್ದು 29ಕ್ಕೆ. ಎರಡೂ ಪ್ರವಾಹದಿಂದಲೇ ತಡವಾಗಿವೆ. ನಾಲ್ಕು ದಿನ ದಾರಿ ಬಂದಾಗಿತ್ತು, ಅಂದರೆ 31ರವರೆಗೆ ಇವಕ್ಕೆ ರಕ್ಷಣೆ ಇದೆ. ಉಳಿದ 60 ಮುಟ್ಟಿದ್ದು ಆಗಸ್ಟ್ 3ಕ್ಕೆ. ಇವಕ್ಕೂ ಪ್ರವಾಹಕ್ಕೂ ಸಂಬಂಧವೇ ಇಲ್ಲ. ಇವುಗಳ ಬೆಲೆ 1,20,000, ಒಂದು ವಾರದ ದಂಡ 1,200 ರೂಪಾಯಿ. ಅದನ್ನು ಒಪ್ಪಿಕೊಳ್ಳಿ.

ಮಾಲಕರು ಇಲ್ಲೇ ಆಸೆ ಬೀಳುತ್ತಾರೆ. "ಹೇಗೂ ಪ್ರವಾಹ ಬಂದಿದೆ, 60ನ್ನೂ ಅದರಲ್ಲೇ ಸೇರಿಸಿಬಿಡೋಣ" ಅಂತ. ಕಾಸ್ಟಿಂಗ್ ಮೇಲೆ ಹೀಟ್ ನಂಬರ್ ಇರುತ್ತದೆ ಅಲ್ವಾ? ಆ ನಂಬರ್ ಹಿಡಿದು ನಿಮ್ಮದೇ ಟೆಸ್ಟ್ ಸರ್ಟಿಫಿಕೇಟ್ ತೆಗೆದರೆ ಎರಕ ಸುರಿದ ದಿನಾಂಕ ಸಿಗುತ್ತದೆ. ಅವರ ಕ್ವಾಲಿಟಿ ವಿಭಾಗದವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಒಂದು ಸುಳ್ಳು ಸಿಕ್ಕಿತು ಅಂದರೆ ನಿಜವಾಗಿ ನಿಂತಿದ್ದ 540ರ ಮಾತನ್ನೂ ಯಾರೂ ನಂಬುವುದಿಲ್ಲ. 1,200 ಹೋಗಬೇಕಾದಲ್ಲಿ 12,000 ಹೋಗುತ್ತದೆ, ಮುಂದಿನ ಆರ್ಡರ್ ಬೇರೆಯವರ ಪಾಲಾಗುತ್ತದೆ.

ಎಚ್ಚರಿಕೆಯ ಒಂದು ಗುರುತು ಹೇಳುತ್ತೇನೆ. ಕೊಡಬೇಕಾದ ದಿನ ಮುಗಿದ ಮೇಲೆ ಪ್ರವಾಹ ಬಂದಿದ್ದರೆ ನಿಮ್ಮ ಜಾಗ ಬಹಳ ದುರ್ಬಲ. "ಸಮಯಕ್ಕೆ ಕಳಿಸಿದ್ದರೆ ಮಾಲು ನೀರಿಗೆ ಸಿಗುತ್ತಲೇ ಇರಲಿಲ್ಲ" ಅಂತ ಅವರು ಹೇಳುತ್ತಾರೆ, ಅದಕ್ಕೆ ಒಳ್ಳೆಯ ಉತ್ತರ ಇಲ್ಲ. ಆಗ ನೋಟಿಸಿನ ಜಗಳಕ್ಕಿಂತ ಕೂತು ಮಾತಾಡಿ ಹೊಸ ದಿನಾಂಕ ಬರೆಸಿಕೊಳ್ಳುವುದೇ ದಾರಿ.

## 3. ಮೊದಲ ನೋಟಿಸ್: 24 ಗಂಟೆಯೊಳಗೆ, ಸಾಕ್ಷಿಗೆ ಕಾಯದೆ

ಷರತ್ತಿನಲ್ಲಿ ಏಳು ದಿನ ಅಂತ ಇದ್ದರೂ ಒಂದೇ ದಿನದಲ್ಲಿ ಕಳಿಸಿ. ಪತ್ರಿಕೆಯ ತುಣುಕು ಸಿಗಲಿ, ತಹಶೀಲ್ದಾರ್ ಕಚೇರಿಯಿಂದ ಪತ್ರ ಬರಲಿ, ಆಮೇಲೆ ಎಲ್ಲ ಒಟ್ಟಿಗೆ ಕಳಿಸೋಣ ಅಂತ ಕೂತವರೇ ಅವಧಿ ಕಳೆದುಕೊಳ್ಳುವುದು. ಮೊದಲ ನೋಟಿಸಿಗೆ ಸಾಕ್ಷಿ ಬೇಕಿಲ್ಲ, ವಿಷಯ ಸಾಕು.

ಪಿಒ ಇಂಗ್ಲಿಷಿನಲ್ಲಿದ್ದರೆ ನೋಟಿಸೂ ಇಂಗ್ಲಿಷಿನಲ್ಲೇ ಹೋಗಲಿ. ಒಳಗೆ ಏನಿರಬೇಕು ಅಂತ ಗೊತ್ತಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

> ವಿಷಯ: ಪಿಒ ನಂಬರ್ ___, ಷರತ್ತು ___ ಪ್ರಕಾರ ಫೋರ್ಸ್ ಮಜೂರ್ ನೋಟಿಸ್.
>
> ಜುಲೈ 23ರ ರಾತ್ರಿಯಿಂದ ಯಮಗರ್ಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ನೀರು ಬಂದು ವಾಹನ ಸಂಚಾರ ನಿಂತಿದೆ. ಈ ಪಿಒದ 400 ಕೇಸಿಂಗ್ ಹೊತ್ತ ಲಾರಿ ಸಂಕೇಶ್ವರದಲ್ಲಿ ನಿಂತಿದೆ. ಇನ್ನೂ 140 ಕೇಸಿಂಗ್ ಜುಲೈ 25ಕ್ಕೆ ಹೊರಡಬೇಕಿತ್ತು. ಈ 540ಕ್ಕೆ ಮಾತ್ರ ದಾರಿ ಬಂದಾಗಿರುವಷ್ಟು ದಿನ ಹೆಚ್ಚುವರಿ ಸಮಯ ಕೋರುತ್ತೇವೆ. ಉಳಿದ 60ರ ದಿನಾಂಕ ಬೇರೆಯಾಗಿ ತಿಳಿಸುತ್ತೇವೆ. ಬೇರೆ ಮಾರ್ಗ ವಿಚಾರಿಸುತ್ತಿದ್ದೇವೆ. ಎರಡು ದಿನಕ್ಕೊಮ್ಮೆ ಸ್ಥಿತಿ ತಿಳಿಸುತ್ತೇವೆ.

ಇಷ್ಟೇ ಸಾಕು. ಕ್ಷಮೆ ಕೇಳುವ ಸಾಲು ಬೇಡ, "ದೇವರ ಆಟ, ನಮ್ಮ ಕೈಯಲ್ಲಿ ಏನಿದೆ" ಅನ್ನುವ ಸಾಲೂ ಬೇಡ. ಜಾಗ, ದಿನ, ಸಂಖ್ಯೆ ಇರಲಿ. "ಭಾರೀ ಮಳೆಯಿಂದ ತಡವಾಗಲಿದೆ" ಅಂತ ಮಾತ್ರ ಬರೆದ ನೋಟಿಸ್ ಬಹಳ ನೋಡಿದ್ದೇನೆ. ಮಳೆ ಎಲ್ಲ ಕಡೆ ಬರುತ್ತದೆ, ನಿಮ್ಮ ಮಾಲು ಎಲ್ಲಿ ನಿಂತಿತು ಅನ್ನುವುದೇ ಪ್ರಶ್ನೆ.

ಪಿಒದಲ್ಲಿ ಹೇಳಿದ ಇಮೇಲ್ ವಿಳಾಸಕ್ಕೇ ಕಳಿಸಿ. ಅವರ ಪರ್ಚೇಸ್ ಆಫೀಸರ್‌ಗೆ ಪ್ರತಿ ಇರಲಿ. ಮಾರನೇ ದಿನ ಅದೇ ಕಾಗದ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ರಸೀದಿ ಫೈಲಿಗೆ ಸೇರಲಿ. ವಾಟ್ಸಾಪ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಅವರಿಗೆ ಬೇಗ ಗೊತ್ತಾಗಲು ಅದು ಬೇಕು. ಷರತ್ತು ಇಮೇಲ್ ಅಂತ ಹೇಳಿರುವಾಗ ವಾಟ್ಸಾಪ್ ಒಂದನ್ನೇ ನಂಬಬೇಡಿ ಅಷ್ಟೇ.

## 4. ಬೇರೆ ದಾರಿ ವಿಚಾರಿಸಿ, ವಿಚಾರಿಸಿದ್ದನ್ನು ಬರೆದಿಡಿ

"ನಿಪ್ಪಾಣಿ ದಾರಿ ಬಂದಾಗಿದ್ದರೆ ವಿಜಯಪುರ, ಸೊಲ್ಲಾಪುರದ ಮೇಲೆ ಕಳಿಸಬಹುದಿತ್ತಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಸುಮಾರು 200 ಕಿ.ಮೀ. ಜಾಸ್ತಿ ಆಗುತ್ತದೆ, ಬಾಡಿಗೆ ಏರುತ್ತದೆ, ನಿಜ. ಆದರೆ ದುಬಾರಿ ಆಯಿತು ಅನ್ನುವುದು ಫೋರ್ಸ್ ಮಜೂರ್ ಆಗುವುದಿಲ್ಲ. ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿತ್ತು, ಕೋರ್ಟ್ ಅದನ್ನು ಒಪ್ಪಲಿಲ್ಲ. ನಮ್ಮ ಸಂಗತಿಗೆ ಇನ್ನೂ ಹತ್ತಿರದ್ದು ಇಂಗ್ಲೆಂಡಿನ ಒಂದು ಶೇಂಗಾ ಪ್ರಕರಣ. 1956ರಲ್ಲಿ ಸೂಯೆಜ್ ಕಾಲುವೆ ಬಂದಾಯಿತು, ಸುಡಾನಿನಿಂದ ಹ್ಯಾಂಬರ್ಗಿಗೆ ಶೇಂಗಾ ಕಳಿಸಬೇಕಿದ್ದವರು ಕಳಿಸಲೇ ಇಲ್ಲ. ಆಫ್ರಿಕಾ ಸುತ್ತಿ ಕಳಿಸಬಹುದಿತ್ತು, ದೂರ ಮತ್ತು ಖರ್ಚು ಜಾಸ್ತಿ ಆಗುವುದರಿಂದ ಕರಾರು ಮುರಿಯುವುದಿಲ್ಲ ಅಂತ 1961ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು.

ಹಾಗಾದರೆ ಏನು ಮಾಡಬೇಕು? ಅವತ್ತೇ ಎರಡು ಟ್ರಾನ್ಸ್‌ಪೋರ್ಟ್‌ನವರಿಂದ ಸೊಲ್ಲಾಪುರ ದಾರಿಯ ಬಾಡಿಗೆ ದರ ಬರಹದಲ್ಲಿ ತರಿಸಿ. ಆ ಕಡೆ ಘಟಪ್ರಭಾ, ಕೃಷ್ಣಾ ಸೇತುವೆಗಳ ಮೇಲೆ ನೀರಿದ್ದರೆ "ಗಾಡಿ ಹೋಗುವುದಿಲ್ಲ" ಅಂತ ಅವರೇ ಬರೆದು ಕಳಿಸಲಿ. ದಾರಿ ಇದ್ದರೆ ಖರೀದಿದಾರರಿಗೆ ಹೀಗೆ ಇಮೇಲ್ ಮಾಡಿ: ಸೊಲ್ಲಾಪುರದ ಮೇಲೆ ಕಳಿಸಿದರೆ ಇಷ್ಟು ಹೆಚ್ಚುವರಿ ಬಾಡಿಗೆ, ಇಂಥ ದಿನ ಮುಟ್ಟುತ್ತದೆ, ಈ ಖರ್ಚು ಹಂಚಿಕೊಳ್ಳುತ್ತೀರಾ, ಅಥವಾ ದಾರಿ ತೆರೆಯುವವರೆಗೆ ಕಾಯುತ್ತೀರಾ? ಅವರಿಗೆ ತುರ್ತಿಲ್ಲದಿದ್ದರೆ "ಕಾಯುತ್ತೇವೆ" ಅಂತಾರೆ. ಆ ಒಂದು ಸಾಲು ನಿಮಗೆ ವಕೀಲರ ನೋಟಿಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಮಯ ಹೆಚ್ಚಿಸಿದವರು ಅವರೇ ಆದರು.

ಅವರು ಉತ್ತರ ಕೊಡದಿದ್ದರೆ? ಬಾಡಿಗೆ ವ್ಯತ್ಯಾಸ ದಂಡಕ್ಕಿಂತ ಕಡಿಮೆ ಇದ್ದರೆ ನಾನಂತೂ ಗಾಡಿ ತಿರುಗಿಸಿ ಕಳಿಸಿಬಿಡುತ್ತೇನೆ. 400 ಕೇಸಿಂಗ್‌ಗಾಗಿ ಅವರ ಅಸೆಂಬ್ಲಿ ಲೈನ್ ನಿಂತರೆ ಅದರ ಸಿಟ್ಟು ಮುಂದಿನ ಹತ್ತು ಆರ್ಡರ್‌ಗಳ ಮೇಲೆ ಬೀಳುತ್ತದೆ.

## 5. ಸಾಕ್ಷಿ ಕೂಡಿಸಿ, ದಾರಿ ತೆರೆಯುವ ಮುಂಚೆಯೇ

ನೀರು ಇಳಿದ ಮೇಲೆ ಸಾಕ್ಷಿಯೂ ಇಳಿದು ಹೋಗುತ್ತದೆ. ನಾಲ್ಕು ದಿನದಲ್ಲಿ ಕೂಡಿಸಿದ್ದು ಮಾತ್ರ ಕೈಯಲ್ಲಿ ಉಳಿಯುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇ-ವೇ ಬಿಲ್. ಇದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಸಾಮಾನ್ಯ ಲಾರಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅದರ ಅವಧಿ ಇರುತ್ತದೆ. ಬೆಳಗಾವಿಯಿಂದ ಪುಣೆ 200 ದಾಟಿ 400ರ ಒಳಗೆ ಇರುವುದರಿಂದ ಎರಡು ದಿನ. ಲಾರಿ ಸಂಕೇಶ್ವರದಲ್ಲಿ ನಿಂತರೆ ಅವಧಿ ಮುಗಿಯುತ್ತದೆ, ಆಗ ಅದನ್ನು ವಿಸ್ತರಿಸಬೇಕು. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ಮಾತ್ರ ಇದು ಸಾಧ್ಯ. ಪೋರ್ಟಲ್‌ನಲ್ಲಿ `Extend Validity` ಒತ್ತಿದರೆ ಕಾರಣ ಕೇಳುತ್ತದೆ, ಅಲ್ಲಿ `Natural Calamity` ಆರಿಸಿ, ಲಾರಿ ಈಗ ನಿಂತಿರುವ ಊರು ಮತ್ತು ಪಿನ್‌ಕೋಡ್ ಹಾಕಿಸಿ. ಸಾಮಾನ್ಯವಾಗಿ ಇದನ್ನು ಮಾಡುವುದು ಟ್ರಾನ್ಸ್‌ಪೋರ್ಟ್‌ನವರು. ಅವರು ಅವಸರದಲ್ಲಿ `Others` ಒತ್ತಿಬಿಡುತ್ತಾರೆ, ಅದಕ್ಕೆ ಫೋನ್ ಮಾಡಿ ಹೇಳಿ. ನಿಮ್ಮ ಮಾಲು, ಆ ಲಾರಿ ನಂಬರ್, ಆ ದಿನ, ಆ ಊರು, ಪ್ರಕೃತಿ ವಿಕೋಪದ ಕಾರಣ, ಎಲ್ಲ ಸರ್ಕಾರದ ದಾಖಲೆಯಲ್ಲೇ ಕುಳಿತುಕೊಳ್ಳುತ್ತದೆ. ಇದನ್ನು ಸುಳ್ಳು ಅಂತ ಹೇಳುವುದು ಯಾರಿಗೂ ಸುಲಭ ಅಲ್ಲ.

ಎರಡನೆಯದು ಫೋಟೋ. ಡ್ರೈವರ್‌ಗೆ ಹೇಳಿ: ಲಾರಿ ನಂಬರ್ ಪ್ಲೇಟು, ಹಿಂದೆ ನಿಂತ ಗಾಡಿಗಳ ಸಾಲು, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಊರಿನ ಬೋರ್ಡು, ಮೂರೂ ಒಂದೇ ಫೋಟೋದಲ್ಲಿ ಬರಲಿ. ಬರೀ ನೀರಿನ ಫೋಟೋ ಯಾವ ವರ್ಷದ್ದು ಅಂತಲೂ ಹೇಳಲು ಆಗುವುದಿಲ್ಲ. ವಾಟ್ಸಾಪ್‌ನಲ್ಲಿ ಸಾಧಾರಣವಾಗಿ ಕಳಿಸಿದರೆ ಫೋಟೋದ ಒಳಗಿನ ಸಮಯ, ಜಾಗದ ವಿವರ ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲಿ, ಮೂಲ ಫೋಟೋವನ್ನು ಡ್ರೈವರ್ ತಮ್ಮ ಫೋನಿನಿಂದ ಅಳಿಸದಿರಲಿ. ವಿಷಯ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೋನು ಕಳೆದರೆ ಅದು ಕಷ್ಟ.

ಇವೆರಡರ ಜೊತೆ ಜಿಲ್ಲಾಡಳಿತ ಅಥವಾ ಪೊಲೀಸರು ಹೊರಡಿಸಿದ ಸಂಚಾರ ನಿಷೇಧದ ಪ್ರಕಟಣೆ ಇದ್ದರೆ ಇಟ್ಟುಕೊಳ್ಳಿ. ಪತ್ರಿಕೆಯ ಪೂರ್ತಿ ಪುಟ ಇಡಿ, ದಿನಾಂಕ ಕಾಣಬೇಕು.

## 6. ನೀರಲ್ಲ, ಮುಷ್ಕರ ಆಗಿದ್ದರೆ

ಹೆಜ್ಜೆಗಳು ಅವೇ, ಆದರೆ ಎರಡು ಪ್ರಶ್ನೆ ಜಾಸ್ತಿ ಬರುತ್ತವೆ.

ಮುಷ್ಕರ ಯಾರದು? ನಿಮ್ಮ ಕಾರ್ಖಾನೆಯ ಕೆಲಸಗಾರರೇ ಸಂಬಳ ಬಾಕಿ ಅಂತ ಕೂತಿದ್ದರೆ, ಅದು ನಿಮ್ಮ ಕೈ ಮೀರಿದ್ದು ಅಂತ ಹೇಳುವುದು ಬಹಳ ಕಷ್ಟ. ಸಂಬಳ ಕೊಡುವುದು ನಿಮ್ಮ ಕೈಯಲ್ಲೇ ಇತ್ತು. ಲಾರಿ ಮುಷ್ಕರ ಆದರೆ ಜಾಗ ಗಟ್ಟಿ, ಆದರೂ ಷರತ್ತಿನಲ್ಲಿ "ಮುಷ್ಕರ" ಅನ್ನುವ ಪದದ ಅಕ್ಕಪಕ್ಕ ನೋಡಿ. "ಸಪ್ಲೈಯರ್ ಕಾರ್ಖಾನೆಯ ಮುಷ್ಕರ" ಅಂತ ಇದ್ದರೆ ಲಾರಿ ಮಾಲಕರ ಮುಷ್ಕರ ಅದರೊಳಗೆ ಬರುತ್ತದೋ ಇಲ್ಲವೋ ಅನ್ನುವ ಜಗಳ ಶುರುವಾಗುತ್ತದೆ.

ಎರಡನೆಯದು, ಮೊದಲೇ ಗೊತ್ತಿತ್ತಾ? 2018ರ ಜುಲೈ 20ರಿಂದ ದೇಶದ ತುಂಬ ಎಂಟು ದಿನ ಲಾರಿ ನಿಂತವು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ, ಟೋಲ್ ವಿಷಯಕ್ಕೆ ಕರ್ನಾಟಕದಲ್ಲಿ ಲಾರಿ ಮುಷ್ಕರ ಆಯಿತು. ಎರಡನ್ನೂ ಮುಂಚೆಯೇ ಘೋಷಿಸಿದ್ದರು. ಘೋಷಣೆ ಆದ ಮೇಲೂ ತಯಾರಿದ್ದ ಮಾಲನ್ನು ಗೋಡೌನ್‌ನಲ್ಲೇ ಇಟ್ಟುಕೊಂಡು ಕೂತಿದ್ದರೆ "ಯಾಕೆ ಮೊದಲೇ ಕಳಿಸಲಿಲ್ಲ" ಅಂತ ಕೇಳುತ್ತಾರೆ. ಹಾಗಾಗಿ ಮುಷ್ಕರದ ಸುದ್ದಿ ಬಂದ ದಿನವೇ ಖರೀದಿದಾರರಿಗೆ ಇಮೇಲ್ ಹೋಗಲಿ: ಇಷ್ಟು ಮಾಲು ತಯಾರಿದೆ, ಮುಂಚೆಯೇ ಕಳಿಸಲೇ? ಅವರ ಗೋಡೌನ್‌ನಲ್ಲಿ ಜಾಗ ಇಲ್ಲ ಅಂದರೆ ಆ ಉತ್ತರವೂ ಫೈಲಿಗೆ. ರೈಲು ಪಾರ್ಸೆಲ್ ವಿಚಾರಿಸಿದ್ದಕ್ಕೂ ಒಂದು ಕಾಗದ ಇರಲಿ.

## 7. ದಾರಿ ತೆರೆದ ದಿನದ ಪತ್ರ

ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಮಾಲು ಹೊರಟಿತು ಅನ್ನುವ ಖುಷಿಯಲ್ಲಿ ಕಾಗದ ನಿಂತುಹೋಗುತ್ತದೆ. ಯಾವಾಗ ಶುರುವಾಯಿತು ಅಂತ ನೋಟಿಸ್ ಹೇಳಿತು, ಯಾವಾಗ ಮುಗಿಯಿತು ಅಂತ ಯಾರು ಹೇಳಬೇಕು? ಎರಡನೇ ಪತ್ರದಲ್ಲಿ ಮೂರು ದಿನಾಂಕ ಬರೆಯಿರಿ. ದಾರಿ ತೆರೆದ ದಿನ, ಲಾರಿ ಹೊರಟ ದಿನ, ಮುಟ್ಟುವ ದಿನ. ಐದನೇ ಹೆಜ್ಜೆಯ ಸಾಕ್ಷಿಗಳೆಲ್ಲ ಇದರ ಜೊತೆ ಹೋಗಲಿ. ನಮ್ಮ ಉದಾಹರಣೆಯಲ್ಲಿ 400ಕ್ಕೆ 28, 140ಕ್ಕೆ 29 ಅಂತ ಬರೆದು, ಕಡೆಗೆ "ಈ ಹೊಸ ದಿನಾಂಕಗಳನ್ನು ಒಪ್ಪಿ ಪಿಒ ತಿದ್ದುಪಡಿ ಕಳಿಸಿ" ಅಂತ ಕೇಳಿ. ತಿದ್ದುಪಡಿ ಕೈಗೆ ಬಂದರೆ ಕೆಲಸ ಮುಗಿದ ಹಾಗೆ. ಅವರ ಅಕೌಂಟ್ಸ್‌ನವರು ದಂಡ ಲೆಕ್ಕ ಹಾಕುವಾಗ ನಿಮ್ಮ ಪತ್ರ ನೋಡುವುದಿಲ್ಲ, ಕಂಪ್ಯೂಟರ್‌ನಲ್ಲಿರುವ ಪಿಒ ದಿನಾಂಕ ನೋಡುತ್ತಾರೆ.

ದಾರಿ ತೆರೆದ ಮೇಲೂ ಲಾರಿ ಎರಡು ದಿನ ಅಲ್ಲೇ ನಿಂತಿದ್ದರೆ ಆ ಎರಡು ದಿನ ನಿಮ್ಮದೇ. ಗಾಡಿಗಳ ಸಾಲು ಕರಗಲು ಹಿಡಿದ ಸಮಯ ಬೇರೆ, ಅದನ್ನು ಹಾಗೇ ಬರೆಯಿರಿ.

ಮಾಲು ಇಳಿಸುವಾಗ ಚಲನ್ ಮೇಲೆ ಅವರು ಏನು ಬರೆಯುತ್ತಾರೆ ಅಂತ ಡ್ರೈವರ್ ಫೋಟೋ ಹೊಡೆದುಕೊಳ್ಳಲಿ. ಕರಾರು ಕಾಯ್ದೆಯ ಸೆಕ್ಷನ್ 55ರಲ್ಲಿ ಒಂದು ಮಾತಿದೆ. ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದ ಮಾಲನ್ನು ತೆಗೆದುಕೊಂಡವರು, ಆ ಹೊತ್ತಿನಲ್ಲೇ "ಪರಿಹಾರ ಕೇಳುತ್ತೇವೆ" ಅಂತ ತಿಳಿಸದಿದ್ದರೆ, ತಡವಾಗಿದ್ದಕ್ಕೆ ಆಮೇಲೆ ಪರಿಹಾರ ಕೇಳುವ ಹಾಗಿಲ್ಲ. ಏನೂ ಬರೆಯದೆ ಸಹಿ ಹಾಕಿದ ಚಲನ್ ನಿಮ್ಮ ಕಡೆಯ ಸಾಕ್ಷಿ.

## 8. ಆದರೂ ಡೆಬಿಟ್ ನೋಟ್ ಬಂದರೆ

ಸುಮ್ಮನಿರಬೇಡಿ. ಒಂದು ವಾರದೊಳಗೆ ಬರಹದಲ್ಲಿ ಉತ್ತರ ಕೊಡಿ. ಮೊದಲ ನೋಟಿಸ್, ಎರಡನೇ ಪತ್ರ, ಇ-ವೇ ಬಿಲ್ ಪ್ರತಿ ಮತ್ತೆ ಲಗತ್ತಿಸಿ, ಒಪ್ಪುವ ಮೊತ್ತ ಎಷ್ಟು, ಒಪ್ಪದ್ದು ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ನಮ್ಮ ಫೌಂಡ್ರಿ "1,200 ಒಪ್ಪಿದ್ದೇವೆ, ಉಳಿದದ್ದು ಒಪ್ಪಿಲ್ಲ" ಅನ್ನಬೇಕು. ಜಿಎಸ್‌ಟಿ ಲೆಕ್ಕ ಹೊಂದಿಸಲು ಅಂತ ನಿಮ್ಮ ಅಕೌಂಟೆಂಟ್ ಆ ಡೆಬಿಟ್ ನೋಟನ್ನು ಲೆಡ್ಜರ್‌ನಲ್ಲಿ ಒಪ್ಪಿಕೊಂಡು, ವರ್ಷದ ಕೊನೆಗೆ ಬ್ಯಾಲೆನ್ಸ್ ಕನ್ಫರ್ಮೇಶನ್‌ಗೆ ಸಹಿ ಹಾಕಿಬಿಟ್ಟರೆ ಆಮೇಲೆ ವಾದ ಮಾಡುವುದು ಕಷ್ಟ. ಅವರಿಗೆ ಇವತ್ತೇ ಹೇಳಿಡಿ.

ಸಪ್ಲೈಗೆ ಮುಂಚೆಯೇ ಉದ್ಯಮ್ ನೋಂದಣಿ ಆಗಿದ್ದ ಸಣ್ಣ ಉದ್ಯಮ ನಿಮ್ಮದಾದರೆ, ಹಿಡಿದ ಹಣವನ್ನು ಬಾಕಿ ಅಂತ ತೋರಿಸಿ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಮಾಲು ಬಿಟ್ಟ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಸಪ್ಲೈಗೆ ಕೆಲಸಕ್ಕೆ ಬರುವುದಿಲ್ಲ. ಮೊತ್ತ ದೊಡ್ಡದಿದ್ದರೆ ಅಥವಾ ಆರ್ಡರನ್ನೇ ರದ್ದು ಮಾಡಿದ್ದರೆ ಫೈಲು ಹಿಡಿದು ವಕೀಲರ ಹತ್ತಿರ ಹೋಗಿ.

## 9. ಮುಂದಿನ ಪಿಒದಲ್ಲಿ ಈ ಸಾಲು ಹಾಕಿಸಿ

2019ರಲ್ಲೂ 2021ರ ಜುಲೈನಲ್ಲೂ ಯಮಗರ್ಣಿಯಲ್ಲಿ ಹೆದ್ದಾರಿ ಬಂದಾಗಿದೆ, ಕೊಲ್ಹಾಪುರದ ಶಿರೋಳಿಯಲ್ಲೂ ಆಗಿದೆ. ಹಾಗಾಗಿ "ಇದು ಮೊದಲೇ ಊಹಿಸಬಹುದಿತ್ತು" ಅನ್ನುವ ವಾದ ಈಗ ಬಲವಾಗಿದೆ. ಅದಕ್ಕೆ ಉತ್ತರ ಅಂದರೆ ಷರತ್ತಿನಲ್ಲೇ ಜಾಗದ ಹೆಸರು ಬರೆಸುವುದು. ಇಬ್ಬರಿಗೂ ಗೊತ್ತಿದ್ದೇ ಒಪ್ಪಿಕೊಂಡಿದ್ದು ಅಂತ ಆಗುತ್ತದೆ. ಜನರಲ್ ಷರತ್ತು ತಿದ್ದಲು ದೊಡ್ಡ ಕಂಪನಿಗಳು ಒಪ್ಪುವುದಿಲ್ಲ, ಆದರೆ ಆರ್ಡರ್ ಒಪ್ಪುವ ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿ ಅವರ ಉತ್ತರ ತರಿಸಿಕೊಳ್ಳಲು ಸಾಧ್ಯ. ನಾನು ಬಳಸುವುದು ಇದು:

> ಯಮಗರ್ಣಿ, ಶಿರೋಳಿ ಅಥವಾ ಬೆಳಗಾವಿ–ಪುಣೆ ಮಾರ್ಗದ ಬೇರೆ ಯಾವುದೇ ಜಾಗದಲ್ಲಿ ಪ್ರವಾಹದಿಂದ, ಅಥವಾ ಯಾರೇ ನಡೆಸುವ ಸಾರಿಗೆ ಮುಷ್ಕರದಿಂದ ಸರಕು ಸಾಗಣೆ ನಿಂತರೆ, ನಿಂತಷ್ಟು ದಿನ ಮತ್ತು ಸಾಗಣೆ ಸರಿಹೋಗಲು ಎರಡು ದಿನ ಸೇರಿಸಿ ಸಮಯ ವಿಸ್ತರಣೆ ಆಗುತ್ತದೆ. ಬೇರೆ ಮಾರ್ಗದಿಂದ ಕಳಿಸಲು ಖರೀದಿದಾರರು ಹೇಳಿದರೆ ಹೆಚ್ಚುವರಿ ಬಾಡಿಗೆ ಅವರದು. ದಂಡ ತಡವಾದ ಮಾಲಿನ ಬೆಲೆಯ ಮೇಲೆ ಮಾತ್ರ.

ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದ ಪಿಒಗಳಲ್ಲಿ 60 ಕೇಸಿಂಗ್ ತಡವಾದರೆ 600ರ ಬೆಲೆಯ ಮೇಲೆ ದಂಡ ಹಾಕುತ್ತಾರೆ. ಈ ಇಮೇಲನ್ನು ಜೂನ್ ಒಳಗೆ ಕಳಿಸಿ, ಅವರ ಉತ್ತರದ ಪ್ರಿಂಟನ್ನು ಪಿಒ ಜೊತೆಗೇ ಪಿನ್ ಮಾಡಿಡಿ.